ಸಂಜೆ ಹೊತ್ತು ಇಂಟರ್ನೆಟ್ ವೇಗ ಬೀಳುತ್ತಿರುವ ಬಗ್ಗೆ ನಾಲ್ಕನೇ ದೂರು

ದಿನಾಂಕ: 24-06-2025
ಕೊಟ್ಟಾರ ಚೌಕಿ, ಮಂಗಳೂರು

ಗೆ,
ದೂರು ವಿಭಾಗದ ಮುಖ್ಯಸ್ಥರು,
ಬ್ರಾಡ್‌ಬ್ಯಾಂಡ್ ಗ್ರಾಹಕ ಸೇವೆ, ಮಂಗಳೂರು

ವಿಷಯ: ಸಂಜೆ 7ರ ನಂತರ ಟೆಕ್ನಿಷಿಯನ್ ಕಳುಹಿಸುವ ಕುರಿತು. ಗ್ರಾಹಕ ಸಂಖ್ಯೆ 40718263.

ಮಾನ್ಯರೇ,

ನಮ್ಮ ಮನೆಗೆ ನಿಮ್ಮ 100 ಎಂಬಿಪಿಎಸ್ ಫೈಬರ್ ಪ್ಲಾನ್ ಇದೆ. ತಿಂಗಳಿಗೆ 799 ರೂಪಾಯಿ, ಮೇಲೆ ಜಿಎಸ್‌ಟಿ. ಒಂದು ತಿಂಗಳೂ ಬಿಲ್ ತಡ ಮಾಡಿಲ್ಲ. ಆದರೆ ಮೇ ಕೊನೆಯಿಂದ ಸಂಜೆಯಾದರೆ ನೆಟ್ ಕೈಕೊಡುತ್ತಿದೆ.

ಮೇ 27, ಜೂನ್ 5 ಮತ್ತು ಜೂನ್ 14ರಂದು ಫೋನಿನಲ್ಲಿ ದೂರು ಕೊಟ್ಟೆ. ಮೂರೂ ಸಲ ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳಿದರು. ಮಾಡಿದೆ. ಮರುದಿನ ಬೆಳಿಗ್ಗೆ "ನಿಮ್ಮ ದೂರು ಬಗೆಹರಿದಿದೆ" ಎಂದು ಮೆಸೇಜ್ ಬಂತು. ಮನೆಗೆ ಯಾರೂ ಬರಲಿಲ್ಲ.

ಎರಡನೇ ದೂರಿನ ನಂತರವೂ ಸರಿಯಾಗದ್ದರಿಂದ ಜೂನ್ 10ರಿಂದ ನಾನೇ ಪರೀಕ್ಷೆ ಮಾಡಿ ಬರೆದಿಟ್ಟಿದ್ದೇನೆ. ವೈಫೈ ದೋಷ ಅನ್ನಬಾರದು ಅಂತ ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ವಯರ್ ಹಾಕಿ, ಮನೆಯ ಬೇರೆಲ್ಲ ಫೋನ್, ಟಿವಿಗಳ ನೆಟ್ ಬಂದ್ ಮಾಡಿ ನೋಡಿದ್ದು. ಡೌನ್‌ಲೋಡ್ ಲೆಕ್ಕ ಹೀಗಿದೆ:

ಜೂನ್ 10, ಬೆಳಿಗ್ಗೆ 6.30: 93 ಎಂಬಿಪಿಎಸ್. ರಾತ್ರಿ 8.15: 17.
ಜೂನ್ 13, ರಾತ್ರಿ 8.40: 14. ಅಂದು ಸಂಜೆ ಮಳೆ ಇರಲಿಲ್ಲ.
ಜೂನ್ 17, ಬೆಳಿಗ್ಗೆ 7.00: 91. ಆಗ ಜೋರು ಮಳೆ. ರಾತ್ರಿ 9.10: 11.
ಜೂನ್ 22, ಭಾನುವಾರ, ರಾತ್ರಿ 8.30: 9.

ಬೆಳಿಗ್ಗೆ ಸುಮಾರು 9 ಮಿಲಿಸೆಕೆಂಡ್ ಇರುವ ಪಿಂಗ್ ರಾತ್ರಿ 140 ಮಿಲಿಸೆಕೆಂಡ್ ದಾಟುತ್ತದೆ. ಎಲ್ಲದರ ಸ್ಕ್ರೀನ್‌ಶಾಟ್ ಈ ಪತ್ರದ ಜೊತೆ ಇದೆ.

ಮಳೆಯಿಂದ ಲೈನ್ ಹಾಳಾಗಿದ್ದರೆ ಜೂನ್ 17ರ ಬೆಳಿಗ್ಗೆಯೂ ವೇಗ ಬೀಳಬೇಕಿತ್ತು, ಅಲ್ವಾ? ಬೀಳುವುದು ಜನ ಜಾಸ್ತಿ ಬಳಸುವ ಹೊತ್ತಿಗೆ ಮಾತ್ರ. ಪಕ್ಕದ ಮನೆಯವರದ್ದೂ ನಿಮ್ಮದೇ ಕನೆಕ್ಷನ್, ಅವರಿಗೂ ಇದೇ ಕಷ್ಟ. ನಮ್ಮ ಓಣಿಯ ಲೈನಿಗೆ ಮಿತಿಮೀರಿ ಮನೆಗಳನ್ನು ಸೇರಿಸಿದ್ದೀರಾ ಎಂಬ ಸಂಶಯ ನನಗಿದೆ. ಜೊತೆಗೆ, ಗೇಟಿನ ಎದುರಿನ ಕಂಬದ ಫೈಬರ್ ಬಾಕ್ಸ್‌ನ ಮುಚ್ಚಳ ತೆರೆದೇ ಇದೆ. ನಮ್ಮೂರ ಮಳೆಗೆ ಅದನ್ನು ಹಾಗೆ ಬಿಡುವುದು ಸರಿಯಲ್ಲ.

ದಯವಿಟ್ಟು ಈ ವಾರದೊಳಗೆ ಟೆಕ್ನಿಷಿಯನ್ ಒಬ್ಬರನ್ನು ಕಳುಹಿಸಿ. ಸಂಜೆ 7ರಿಂದ 9ರ ಒಳಗೇ ಬರಲಿ. ಬೆಳಿಗ್ಗೆ ಬಂದರೆ 90 ಕಾಣುತ್ತದೆ, ಸುಮ್ನೆ ಸಹಿ ಹಾಕಿಸಿಕೊಂಡು ಹೋಗಬೇಕಾಗುತ್ತದೆ. ಮನೆಯೊಳಗೂ ಕಂಬದ ಹತ್ತಿರವೂ ಪವರ್ ಮೀಟರ್ ಇಟ್ಟು ಸಿಗ್ನಲ್ ನೋಡಲಿ. ಓಣಿಯ ಲೈನಿನ ಮೇಲೆ ಸಂಜೆ ಎಷ್ಟು ಹೊರೆ ಇದೆ ಎಂದು ನಿಮ್ಮ ಕಚೇರಿಯಿಂದಲೂ ನೋಡಿ, ಕಂಡದ್ದನ್ನು ನನಗೆ ಬರಹದಲ್ಲಿ ತಿಳಿಸಿ.

ನನ್ನ ಆಫೀಸಿನ ಮೀಟಿಂಗ್ ಇರುವುದು ರಾತ್ರಿ 8ಕ್ಕೆ. ಮಗಳ ಟ್ಯೂಷನ್ ಕ್ಲಾಸೂ ಅದೇ ಹೊತ್ತಿಗೆ. ದಿನಾ ಒಬ್ಬರು ಬಿಟ್ಟುಕೊಡಬೇಕಾಗಿದೆ. ಹೆಚ್ಚಾಗಿ ಅವಳೇ ಬಿಟ್ಟುಕೊಡುತ್ತಾಳೆ, ಅದು ನನಗೆ ತುಂಬಾ ಬೇಸರ.

ಈ ದೂರಿಗೆ ಹೊಸ ಡಾಕೆಟ್ ಸಂಖ್ಯೆ ಕೊಡಿ. ನನ್ನನ್ನು ಕೇಳದೆ ಮುಚ್ಚಬೇಡಿ. ಈ ಸಲವೂ ಸರಿಯಾಗದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಇದೇ ದಾಖಲೆಗಳನ್ನು ಕಳುಹಿಸುತ್ತೇನೆ.

ಇಂತಿ,
ಸುಜಾತಾ
ಲಗತ್ತು: ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್‌ಗಳು, ಕಂಬದ ಬಾಕ್ಸ್‌ನ ಫೋಟೊ