ನಿವೃತ್ತಿಯ ದಿನ ಸಹೋದ್ಯೋಗಿಗಳಿಗೆ

ಪ್ರೀತಿಯ ಸಹೋದ್ಯೋಗಿಗಳೇ,

ಇಂದು ಸಂಜೆ ನಾನು ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ. ಬರೆದದ್ದು ಬಹಳವಿತ್ತು, ಕೃತಜ್ಞತೆಯನ್ನಷ್ಟೇ ಉಳಿಸಿಕೊಂಡಿದ್ದೇನೆ.

ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಾಗ, ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಿಸದೆ ಕಿರಿಯರು ಕಲಿಸಿದಿರಿ. ವರ್ಷಾಂತ್ಯದ ಲೆಕ್ಕ ತಾಳೆಯಾಗದ ರಾತ್ರಿಗಳಲ್ಲಿ ತಮ್ಮ ಕೆಲಸ ಮುಗಿದಿದ್ದರೂ ಯಾರೂ ಮನೆಗೆ ಹೊರಡಲಿಲ್ಲ. ವೋಚರ್‌ಗಳನ್ನು ಹಂಚಿಕೊಂಡು ಒಂದೊಂದಾಗಿ ನೋಡಿದಿರಿ. ನನ್ನ ಪತ್ನಿ ಆಸ್ಪತ್ರೆಯಲ್ಲಿದ್ದಾಗ ನನ್ನ ಕೌಂಟರನ್ನೂ ನಿಭಾಯಿಸಿದ ಕ್ಯಾಷಿಯರ್ ಮಿತ್ರರನ್ನು, ಮರುಮಾತಿಲ್ಲದೆ ರಜೆ ಮಂಜೂರು ಮಾಡಿದ ವ್ಯವಸ್ಥಾಪಕರನ್ನು ಮರೆಯಲಾರೆ. ಎಲ್ಲರಿಗಿಂತ ಮೊದಲು ಬರುವ ನಮ್ಮ ಅಟೆಂಡರ್ ಅವರಿಗೆ ವಿಶೇಷ ನಮಸ್ಕಾರ. ಈ ಶಾಖೆಯ ದಿನ ಶುರುವಾಗುವುದೇ ಅವರಿಂದ.

ಒಂದೇ ಕೋರಿಕೆ: ಕೈ ನಡುಗುವ ಹಿರಿಯ ಗ್ರಾಹಕರು ಸಹಿ ಹಾಕುವಾಗ ಸ್ವಲ್ಪ ಕಾಯಿರಿ.

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಇಂತಿ,
ಠೇವಣಿ ವಿಭಾಗದ ನಿಮ್ಮ ಗುಮಾಸ್ತ