ನಾಳೆಯ ಕೊಲೊನೋಸ್ಕೋಪಿ ಸರದಿ ತೆರವಾಗಿದೆ: ಇಂದು 11.10ರೊಳಗೆ ಉತ್ತರಿಸಿ

ನಮಸ್ಕಾರ ರಾಘವೇಂದ್ರ ಅವರೇ,

ಶಿವಮೊಗ್ಗ ದುರ್ಗಿಗುಡಿಯ ನಮ್ಮ ಎಂಡೋಸ್ಕೋಪಿ ವಿಭಾಗದ ಕಾಯುವ ಪಟ್ಟಿಯಲ್ಲಿ ನಿಮ್ಮ ತಂದೆಯವರ ಹೆಸರಿದೆ. ನಾಳೆ, ಜುಲೈ 15 ಬುಧವಾರ, ಮಧ್ಯಾಹ್ನ 12.30ಕ್ಕೆ ಬರಬೇಕಿದ್ದ ಒಬ್ಬರು ರದ್ದು ಮಾಡಿದ್ದಾರೆ. ಆ ಸಮಯವನ್ನು ಮೊದಲು ನಿಮಗೇ ಕೇಳುತ್ತಿದ್ದೇವೆ. ಬೇಕಾದರೆ ಇದೇ ನಂಬರಿಗೆ 1 ಎಂದು, ಬೇಡವಾದರೆ 2 ಎಂದು ಕಳಿಸಿ. ಸಂದೇಶ ಹೋಗದಿದ್ದರೆ ಕರೆ ಮಾಡಿ; ಊರಲ್ಲಿ ಸಿಗ್ನಲ್ ಸಿಗದೇ ಇರಬಹುದೆಂದು 10.30ಕ್ಕೆ ನಾವೂ ಒಮ್ಮೆ ಕರೆ ಮಾಡುತ್ತೇವೆ. ಯಾವ ಲಿಂಕನ್ನೂ ಒತ್ತಬೇಕಿಲ್ಲ, ಒಟಿಪಿ ಕೇಳುವುದಿಲ್ಲ, ಮುಂಗಡ ಕಟ್ಟಬೇಕಿಲ್ಲ.

ಇಷ್ಟು ಅವಸರ ಯಾಕೆಂದರೆ, ಈ ಪರೀಕ್ಷೆಯ ತಯಾರಿ ಇಂದು ಮಧ್ಯಾಹ್ನದ ಊಟದಿಂದಲೇ ಶುರುವಾಗುತ್ತದೆ. ನೀವು ಬೇಡವೆಂದರೆ ಪಟ್ಟಿಯಲ್ಲಿ ಮುಂದಿನವರಿಗೂ ಊಟಕ್ಕೆ ಕೂರುವ ಮೊದಲೇ ವಿಷಯ ತಿಳಿಯಬೇಕು. ಒಂದು ಸಮಯವನ್ನು ಏಕಕಾಲಕ್ಕೆ ಇಬ್ಬರಿಗೆ ಹೇಳುವುದಿಲ್ಲ, ಹಾಗಾಗಿ 11.10ರವರೆಗೆ ಅದು ನಿಮ್ಮದೇ.

1 ಕಳಿಸುವ ಮೊದಲು ದಯವಿಟ್ಟು ಮೂರು ವಿಷಯ ವಿಚಾರಿಸಿಕೊಳ್ಳಿ.

ಮೊದಲನೆಯದು ಪುಡಿ. ಹೆಸರು ಬರೆಸಿದ ದಿನ ಕೊಟ್ಟ ಚೀಟಿಯಲ್ಲಿರುವ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ, 137.15 ಗ್ರಾಂನ ಒಂದು ಪ್ಯಾಕೆಟ್, ಸಂಜೆಯೊಳಗೆ ಕೈಗೆ ಸಿಗಬೇಕು. ಹೊಸನಗರದ ಮೆಡಿಕಲ್ ಅಂಗಡಿಗೆ ಫೋನ್ ಮಾಡಿ ಇದೆಯೇ ಎಂದು ಕೇಳಿ. ಪುಡಿಯಿಲ್ಲದೆ ಒಪ್ಪಿಕೊಂಡರೆ ನಾಳೆ ಕರುಳು ಸ್ವಚ್ಛವಿರದೆ ವಾಪಸ್ ಕಳಿಸಬೇಕಾಗುತ್ತದೆ.

ಎರಡನೆಯದು ತಿಂದದ್ದು ಮತ್ತು ಮಾತ್ರೆ. ಹಲಸಿನ ಹಣ್ಣು, ಕಳಲೆ, ಪತ್ರೊಡೆ, ಸೊಪ್ಪಿನ ಪಲ್ಯ ಇವುಗಳ ನಾರು ಕರುಳಿನಲ್ಲಿ ಉಳಿದು ಕ್ಯಾಮೆರಾಗೆ ಅಡ್ಡ ಬರುತ್ತದೆ. ನಿನ್ನೆ ಅಥವಾ ಇಂದು ಬೆಳಿಗ್ಗೆ ತಿಂದಿದ್ದರೆ ಮುಚ್ಚಿಡದೆ ಹೇಳಿ, ಡಾಕ್ಟರನ್ನು ಕೇಳಿ ತಿಳಿಸುತ್ತೇವೆ. ಹೆಸರು ಬರೆಸಿದ ಮೇಲೆ ಯಾರಾದರೂ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ 1 ಕಳಿಸಬೇಡಿ, ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಿಡ್ನಿ ಅಥವಾ ಹೃದಯದ ತೊಂದರೆ ಹೊಸದಾಗಿ ಗೊತ್ತಾಗಿದ್ದರೂ ಹಾಗೆಯೇ.

ಮೂರನೆಯದು ಜೊತೆಗಾರರು. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ತಂದೆಯವರನ್ನು ಒಂಟಿಯಾಗಿ ಕಳಿಸುವುದಿಲ್ಲ, ಮರುದಿನದವರೆಗೆ ಅವರು ಗಾಡಿ ಓಡಿಸುವಂತಿಲ್ಲ.

ಒಪ್ಪಿದರೆ ತಯಾರಿ ಹೀಗೆ. ಇಂದು 12 ಗಂಟೆಗೆ ಬಿಳಿ ಅನ್ನ, ಮೊಸರು, ಅದೇ ಕೊನೆಯ ಊಟ. ಆಮೇಲೆ ತಿಳಿ ದ್ರವ ಮಾತ್ರ: ನೀರು, ಎಳನೀರು, ಗಂಜಿಯ ತಿಳಿ, ಹಾಲು ಹಾಕದ ಚಹಾ. ಮುರುಗಲು ಪಾನಕ ಬೇಡ, ಅದರ ಕೆಂಪು ಬಣ್ಣ ಒಳಗೆ ರಕ್ತದಂತೆ ಕಾಣುತ್ತದೆ. ಪುಡಿಯನ್ನು 2 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ. ಸಂಜೆ 6ರಿಂದ 1 ಲೀಟರ್, 15 ನಿಮಿಷಕ್ಕೊಂದು ಲೋಟ, ಅಂದರೆ ಸುಮಾರು 250 ಮಿ.ಲೀ. ಉಳಿದ 1 ಲೀಟರ್ ನಾಳೆ ಬೆಳಿಗ್ಗೆ 5ರಿಂದ. ಎರಡನ್ನೂ ರಾತ್ರಿಯೇ ಕುಡಿಸಿ ಮುಗಿಸಬೇಡಿ. ಬೆಳಗಾಗುವಷ್ಟರಲ್ಲಿ ಪಿತ್ತ, ಲೋಳೆ ಮತ್ತೆ ಇಳಿದು ಕರುಳಿನ ಬಲಭಾಗ ಸರಿಯಾಗಿ ಕಾಣುವುದಿಲ್ಲ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು, ತಣ್ಣಗೆ ಮಾಡಿ ನಿಧಾನವಾಗಿ ಕೊಡಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು. 8 ಗಂಟೆಗೂ ಕೆಸರಿನಂತಿದ್ದರೆ ಹೊರಡುವ ಮೊದಲು ಕರೆ ಮಾಡಿ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮಧ್ಯಾಹ್ನದ ಊಟದ ನಂತರ ಬೇಡ, ನಾಳೆ ಬೆಳಿಗ್ಗೆಯೂ ಬೇಡ. ಬಿಪಿ ಮಾತ್ರೆ ಅಮ್ಲೋಡಿಪಿನ್ ನಾಳೆ 6 ಗಂಟೆಗೆ ಒಂದು ಗುಟುಕು ನೀರಿನಲ್ಲಿ ಕೊಡಿ. ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ ನಮಗೆ ತಿಳಿಸಿ. 8.30ರ ನಂತರ ನೀರೂ ಬೇಡ.

ಎರಡನೆಯ ಲೀಟರ್ 6ಕ್ಕೆ ಮುಗಿದರೆ 8ರ ಹೊತ್ತಿಗೆ ಭೇದಿ ಸಾಮಾನ್ಯವಾಗಿ ತಗ್ಗುತ್ತದೆ. 8.30ಕ್ಕೆ ಹೊರಟು 11.30ಕ್ಕೆ ಇಲ್ಲಿರಿ. ಬಸ್ಸಿಗಿಂತ ಕಾರು ಒಳ್ಳೆಯದು, ಬೇಕೆಂದಲ್ಲಿ ನಿಲ್ಲಿಸಬಹುದು. ರಿಪ್ಪನ್‌ಪೇಟೆ, ಆಯನೂರು ದಾರಿಯಲ್ಲಿ ಮಳೆಗೆ ಮರ ಬಿದ್ದು ತಡವಾದರೆ 10.30ರೊಳಗೆ ಹೇಳಿ, 2.30ರ ಕೊನೆಯ ಸರದಿಗೆ ಬದಲಿಸುತ್ತೇವೆ. ಹಳೆಯ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಯ ವರದಿ, ಆಧಾರ್ ಕಾರ್ಡ್, ಒಂದು ಜೊತೆ ಬದಲಿ ಬಟ್ಟೆ ತನ್ನಿ.

2 ಎಂದು ಕಳಿಸಿದರೆ ಏನೂ ಕಳೆದುಹೋಗುವುದಿಲ್ಲ. ಆಗಸ್ಟ್ 4 ಮಂಗಳವಾರದ ನಿಮ್ಮ ದಿನಾಂಕ ಹಾಗೆಯೇ ಇರುತ್ತದೆ, ಪಟ್ಟಿಯಲ್ಲಿನ ಸ್ಥಾನವೂ ಇರುತ್ತದೆ. ಉತ್ತರವೇ ಬಾರದಿದ್ದರೂ ಅಷ್ಟೇ, ಆದರೆ ನಾಳೆಯ ಸಮಯ 11.10ಕ್ಕೆ ಮುಂದಿನವರಿಗೆ ಹೋಗುತ್ತದೆ. ಆಮೇಲೆ 1 ಕಳಿಸಿದರೂ ಅದು ಖಚಿತವಲ್ಲ. ನಮ್ಮಿಂದ "ಖಚಿತವಾಗಿದೆ" ಎಂಬ ಮರುಸಂದೇಶ ಬಂದ ಮೇಲೆಯೇ ಪುಡಿ ಕಲಸಿ. ಈ ಮಧ್ಯೆ ತಂದೆಯವರಿಗೆ ರಕ್ತ ಹೋಗುವುದು ಹೆಚ್ಚಾದರೆ, ತಲೆ ಸುತ್ತಿ ಬಿದ್ದರೆ ಯಾವ ಸರದಿಗೂ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕೌಂಟರ್, ಎಂಡೋಸ್ಕೋಪಿ ವಿಭಾಗ
ದುರ್ಗಿಗುಡಿ, ಶಿವಮೊಗ್ಗ
ಜುಲೈ 14, 2026, ಬೆಳಿಗ್ಗೆ 9.40