ಒಂಬತ್ತು ಬಿಲ್ಲು

ವಿಜಯನಗರದ ಆ ಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ ಎಚ್ಚರವಿದ್ದವರು ಮೂವರು: ಲ್ಯಾಪ್‌ಟಾಪ್ ಮುಂದೆ ಚೈತ್ರಾ, ಬಾಣಂತನಕ್ಕೆ ತವರಿಗೆ ಬಂದಿದ್ದ ಅಕ್ಕ, ಅಕ್ಕನ ಹೆಗಲ ಮೇಲೆ ತೇಗು ಬಾರದೆ ಕೊಸರಾಡುತ್ತಿದ್ದ ಕೂಸು.

ಪೀಣ್ಯದಲ್ಲಿ ಪಂಪ್ ಬಿಡಿಭಾಗ ಮಾಡುವ ಕಾರ್ಖಾನೆಯೊಂದಕ್ಕೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಗಡುವು. ರೆಸ್ಯೂಮೆ ಸಿದ್ಧವಿತ್ತು. ಕವರ್ ಲೆಟರ್ ಮಾತ್ರ ಜೀವನದಲ್ಲೇ ಮೊದಲನೆಯದು, ಅದಾಗಲೇ ಒಂದೂವರೆ ಪುಟ ದಾಟಿತ್ತು.

“ಓದು, ಕೇಳ್ತೀನಿ,” ಎಂದಳು ಅಕ್ಕ, ತಲೆಗೆ ಕಟ್ಟಿದ ಸ್ಕಾರ್ಫನ್ನು ಕಿವಿಯಿಂದ ಸರಿಸಿ. ಹೆರಿಗೆ ರಜೆಗೆ ಮುಂಚೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಅರ್ಜಿಗಳ ರಾಶಿ ಸೋಸುವುದೇ ಅವಳ ಕೆಲಸ.

“ಮಾನ್ಯರೇ, ನಾನು ಪರಿಶ್ರಮಿ, ಪ್ರಾಮಾಣಿಕಳು. ಬಾಲ್ಯದಿಂದಲೂ ಲೆಕ್ಕದಲ್ಲಿ ಆಸಕ್ತಿ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಒಂದು ಅವಕಾಶ ಸಿಕ್ಕರೆ...”

“ಸಾಕು ಸಾಕು. ನಿನ್ನ ಹೆಸರು ತೆಗೆದು ಪಕ್ಕದ್ಮನೆ ಹುಡುಗನ ಹೆಸರು ಹಾಕಿದ್ರೂ ಇದು ನಡೆಯತ್ತೆ ಕಣೇ. ಜಾಹೀರಾತಲ್ಲಿ ಏನ್ ಕೇಳಿದ್ದಾರೆ?”

“ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ವೆಂಡರ್ ಲೆಡ್ಜರ್ ತಾಳೆ.”

“ಅದ್ರಲ್ಲಿ ನೀನು ಕೈಯಾರೆ ಮಾಡಿರೋದು?”

ಮಲ್ಲೇಶ್ವರದ ಆಡಿಟರ್ ಕಚೇರಿಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದವಳು ಚೈತ್ರಾ. ಹಾರ್ಡ್‌ವೇರ್ ಅಂಗಡಿಯೊಂದರ ಕತೆ ಹೇಳಿದಳು. ತಿಂಗಳ ಖರೀದಿ ಬಿಲ್ 212. ಹದಿನಾಲ್ಕನೇ ತಾರೀಕಿನ ಮೇಲೆ ಮಾರಾಟಗಾರರು ತೋರಿಸಿದ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-2ಬಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತಾಳೆ ಹಾಕಿದರೆ ಒಂಬತ್ತು ಬಿಲ್ಲು ಕಾಣೆ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಅಲ್ಲಿ ಕಾಣದ ಬಿಲ್ಲಿಗೆ ಇಲ್ಲ, ಅಷ್ಟು ತೆರಿಗೆ ಅಂಗಡಿಯವರ ಜೇಬಿನಿಂದಲೇ. ನಾಲ್ಕು ಬಿಲ್ಲಿನ ಮಾರಾಟಗಾರರು ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಸಲ್ಲಿಸಿಯೇ ಇರಲಿಲ್ಲ. ಮೂರು ಬಿಲ್ಲು ಬೇರೆ ಗಿರಾಕಿಯ ಜಿಎಸ್‌ಟಿ ನಂಬರಿಗೆ ಹತ್ತಿದ್ದವು. ಉಳಿದೆರಡನ್ನು ನೋಂದಣಿಯೇ ಇಲ್ಲದ ಗಿರಾಕಿಗೆ ಮಾರಿದಂತೆ ತೋರಿಸಿದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿ, ಬಿಲ್ ಫೋಟೊ ಕಳಿಸಿ ಸರಿ ಮಾಡಿಸಿದ್ದಳು. ಮುಂದಿನ ತಿಂಗಳ 2ಬಿಯಲ್ಲಿ ಏಳು ಬಂದವು.

“ಇಷ್ಟೆಲ್ಲ ಇಟ್ಕೊಂಡು ಬಾಲ್ಯ ಬರ್ದಿದ್ಯಲ್ಲೇ! ಇದನ್ನೇ ಮೊದಲ ಸಾಲಿಗೆ ಹಾಕು. ಅಂಗಡಿ ಹೆಸರು ಬೇಡ. ಹಳೇ ಕಚೇರಿ ಗಿರಾಕಿ ಹೆಸರು ಹೊರಗೆ ಹೇಳೋಳು ನಮ್ಮದನ್ನೂ ಹೇಳ್ತಾಳೆ ಅಂದ್ಕೋತಾರೆ. ಸಂಬಳ ಅವರು ಕೇಳಿಲ್ಲ ತಾನೆ? ಎತ್ತಬೇಡ. ಅರ್ಧ ಪುಟ, ಅದಕ್ಕಿಂತ ಉದ್ದ ನಾನಂತೂ ಓದಿದವಳಲ್ಲ.”

ಚೈತ್ರಾ ಹಳೆಯದನ್ನೆಲ್ಲ ಅಳಿಸಿದಳು. ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ ಅಕ್ಕ ಪರದೆ ಕಡೆ ಬಗ್ಗಿದಳು. ತೆರಿಗೆ ಕಟ್ಟುವ ರಿಟರ್ನು 3ಬಿಯ ಸಾಲಿಗೆ ಬಂದು ನಿಂತಳು.

“‘3ಬಿ ನಾನೇ ಸಲ್ಲಿಸಿಲ್ಲ’ ಅಂತ ಯಾಕೆ? ತೆಗಿ ಅದನ್ನ.”

“ಇಂಟರ್‌ವ್ಯೂನಲ್ಲಿ ಪೋರ್ಟಲ್ ತೆಗೆದು ಮಾಡಿ ತೋರಿಸು ಅಂದ್ರೆ?”

ಅಕ್ಕ ಕೂಸಿನ ಬೆನ್ನು ತಟ್ಟುತ್ತಲೇ ಯೋಚಿಸಿದಳು. “ಹಾಗಾದ್ರೆ ಇರ್ಲಿ. ಕೊನೇಲಿ ಬೇಡ, ಮಧ್ಯಕ್ಕೆ ತಳ್ಳು.”

ಒಂದು ಗಂಟೆಗೆ ಪತ್ರ ಹೀಗಿತ್ತು:

“ಮಾನ್ಯರೇ,

ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಈ ಅರ್ಜಿ. ಆಡಿಟರ್ ಕಚೇರಿಯೊಂದರಲ್ಲಿ ಇಂಟರ್ನ್ ಆಗಿದ್ದಾಗ, ಒಬ್ಬ ಗಿರಾಕಿಯ 212 ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಬಿಟ್ಟುಹೋಗಿದ್ದ 9 ಬಿಲ್ಲು ಗುರುತಿಸಿದೆ. ಮಾರಾಟಗಾರರೊಂದಿಗೆ ಮಾತಾಡಿ ತಿದ್ದಿಸಿದ್ದರಿಂದ 7 ಬಿಲ್ಲುಗಳ ಕ್ರೆಡಿಟ್ ಮರುತಿಂಗಳೇ ಸಿಕ್ಕಿತು. ಉಳಿದ 2 ಬಿಲ್ಲುಗಳ ಮಾರಾಟಗಾರರು ಆಗಲೂ ರಿಟರ್ನ್ ಸಲ್ಲಿಸಿರಲಿಲ್ಲ. ಅವರ ಪಾವತಿ ತಡೆಹಿಡಿಯುವಂತೆ ಟಿಪ್ಪಣಿ ಬರೆದುಕೊಟ್ಟೆ.

ಟ್ಯಾಲಿಯಲ್ಲಿ ಖರೀದಿ, ಪಾವತಿ ವೋಚರ್ ಹಾಕುವುದು, ಬ್ಯಾಂಕ್ ತಾಳೆ ನೋಡುವುದು ನನ್ನ ದಿನದ ಕೆಲಸವಾಗಿತ್ತು. ಜಿಎಸ್‌ಟಿಆರ್-3ಬಿಗೆ ಲೆಕ್ಕ ಸಿದ್ಧಪಡಿಸಿದ್ದೇನೆ, ನಾನೇ ಸಲ್ಲಿಸಿಲ್ಲ. ನಿಮ್ಮ ಜಾಹೀರಾತಿನಲ್ಲಿ ವೆಂಡರ್ ಲೆಡ್ಜರ್ ತಾಳೆಯನ್ನೂ ಹೇಳಿದ್ದೀರಿ. ಅದನ್ನು ಸೇರಿದ ದಿನದಿಂದಲೇ ಮಾಡಬಲ್ಲೆ.

ರೆಸ್ಯೂಮೆ ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ಯಾವ ದಿನವಾದರೂ ಬರುತ್ತೇನೆ.

ಇತಿ,
ಚೈತ್ರಾ”

ಫೈಲಿನ ಹೆಸರು `Resume_final_new2.pdf` ಹೋಗಿ `Chaitra_Accounts_Assistant.pdf` ಆಯಿತು. ಮೇಲ್ ಬೆಳಿಗ್ಗೆ ಎಂಟೂವರೆಗೆ ಹೋಗುವಂತೆ ಚೈತ್ರಾ ಸಮಯ ಇಡುತ್ತಿದ್ದಳು. ಅಕ್ಕನ ಕಣ್ಣು ಕಳಿಸುವವರ ಹೆಸರಿನ ಮೇಲೆ ಬಿತ್ತು.

“ಏಂಜೆಲ್ ಚೈತು?”

“ಪಿಯುಸೀಲಿ ಮಾಡಿದ್ದು ಅಕ್ಕ.”

“ಹೊಸ ಐಡಿ ಮಾಡು. ರೆಸ್ಯೂಮೆ ಒಳಗೂ ಅದೇ ಇರತ್ತೆ, ಅಲ್ಲೂ ಬದಲಾಯ್ಸು. ಆಮೇಲೆ ಪಿಡಿಎಫ್ ಇನ್ನೊಂದ್ಸಲ ಮಾಡ್ಬೇಕು, ಮರೀಬೇಡ.”